ಎಫ್‌ಎಂ ರೇಡಿಯೊದ ಸುಯ್ ಸದ್ದು, ಪ್ರಿ-ಎಂಫಸಿಸ್ ಮತ್ತು ಡಿ-ಎಂಫಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಸಣ್ಣ ಸಮುದಾಯ ರೇಡಿಯೊ ಕೇಂದ್ರದಲ್ಲಿ ಬಿಡುವಿದ್ದಾಗ ತಾಂತ್ರಿಕ ಕೆಲಸ ನೋಡಿಕೊಳ್ಳುತ್ತೇನೆ. ಅಲ್ಲಿಗೆ ಬರುವ ಹುಡುಗರು, ಮನೆಯಲ್ಲಿ ರೇಡಿಯೊ ಕಟ್ಟುವ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಉತ್ತರಗಳಲ್ಲಿ ಕೆಲವು ಉದ್ದ ಇವೆ, ಕೆಲವು ಎರಡೇ ಸಾಲು.

ಎಫ್‌ಎಂನಲ್ಲಿ ಗದ್ದಲವೇ ಇರಲ್ಲ ಅಂತಾರೆ. ಹಾಗಿದ್ರೆ ಈ "ಸುಯ್" ಅನ್ನೋದು ಎಲ್ಲಿಂದ ಬರುತ್ತೆ?

ಗದ್ದಲ ಇದ್ದೇ ಇರುತ್ತದೆ. ಆಂಟೆನಾದಿಂದ ಬರುವ ಸಿಗ್ನಲ್ ಜೊತೆಗೆ ಒಂದಿಷ್ಟು ಗೊತ್ತುಗುರಿ ಇಲ್ಲದ ವಿದ್ಯುತ್ ಅಲುಗಾಟವೂ ಬರುತ್ತದೆ. ರೇಡಿಯೊದ ಮೊದಲ ಹಂತದ ಟ್ರಾನ್ಸಿಸ್ಟರ್ ತನ್ನದೂ ಒಂದಿಷ್ಟು ಸೇರಿಸುತ್ತದೆ. ಎಎಂ ರೇಡಿಯೊದಲ್ಲಿ ಇದು ನೇರವಾಗಿ ಧ್ವನಿಗೆ ಬೆರೆಯುತ್ತದೆ. ಎಫ್‌ಎಂನಲ್ಲಿ ಅಲೆಯ ಎತ್ತರಕ್ಕೆ ಬೆಲೆ ಇಲ್ಲ, ಅದನ್ನು ಲಿಮಿಟರ್ ಕತ್ತರಿಸಿ ಹಾಕುತ್ತದೆ. ಆದರೆ ಗದ್ದಲ ಅಲೆಯ ಎತ್ತರವನ್ನಷ್ಟೇ ಅಲ್ಲ, ಅದರ ಫೇಸನ್ನೂ, ಅಂದರೆ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನುವುದನ್ನೂ, ಹಿಂದೆ ಮುಂದೆ ಸ್ವಲ್ಪ ತಳ್ಳುತ್ತದೆ. ಲಿಮಿಟರ್‌ಗೆ ಅದನ್ನು ಕತ್ತರಿಸಲು ಬರುವುದಿಲ್ಲ. ನಮ್ಮ ಕಿವಿಗೆ ಬೀಳುವ ಸುಯ್ ಸದ್ದು ಹುಟ್ಟುವುದು ಈ ತಳ್ಳಾಟದಿಂದ.

ಅದು ತೆಳು ಸದ್ದಾಗೇ ಯಾಕೆ ಕೇಳಿಸುತ್ತೆ? ಗುಡುಗುಡು ಅಂತ ಯಾಕೆ ಕೇಳಿಸಲ್ಲ?

ಇಡೀ ವಿಷಯದ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ತೊಟ್ಟಿಲು ಆ ಕಡೆ ಈ ಕಡೆ ಒಂದೊಂದು ಗೇಣು ತೂಗುತ್ತಿದೆ ಅಂದುಕೊಳ್ಳಿ. ನಿಮಿಷಕ್ಕೆ ಹತ್ತು ಸಲ ತೂಗಿದರೆ ಅದರ ವೇಗ ಕಮ್ಮಿ. ಅದೇ ಒಂದು ಗೇಣನ್ನು ನಿಮಿಷಕ್ಕೆ ನೂರು ಸಲ ತೂಗಿದರೆ ವೇಗ ಹತ್ತು ಪಟ್ಟು. ತೂಗುವ ದೂರ ಬದಲಾಗಲಿಲ್ಲ, ಬದಲಾಗಿದ್ದು ವೇಗ ಮಾತ್ರ.

ಗದ್ದಲ ಅಲೆಯ ಫೇಸನ್ನು ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಹೆಚ್ಚುಕಮ್ಮಿ ಒಂದೇ ದೂರ ತೂಗುತ್ತದೆ. ಆದರೆ ಅಲೆಯಿಂದ ಧ್ವನಿಯನ್ನು ಬಿಡಿಸಿಕೊಡುವ ಎಫ್‌ಎಂ ಡಿಟೆಕ್ಟರ್ ಆ ದೂರವನ್ನು ಅಳೆಯುವುದಿಲ್ಲ. ಫೇಸ್ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದನ್ನು ಅಳೆಯುತ್ತದೆ, ಏಕೆಂದರೆ ಫ್ರೀಕ್ವೆನ್ಸಿ ಅಂದರೇ ಅದು. ಹಾಗಾಗಿ 1 ಕಿಲೋಹರ್ಟ್ಸ್‌ನಲ್ಲಿ ತೂಗುವ ಗದ್ದಲಕ್ಕಿಂತ 10 ಕಿಲೋಹರ್ಟ್ಸ್‌ನಲ್ಲಿ ತೂಗುವ ಗದ್ದಲ ಡಿಟೆಕ್ಟರ್‌ನಿಂದ ಹತ್ತು ಪಟ್ಟು ದೊಡ್ಡದಾಗಿ ಹೊರಬರುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 20 ಜಾಸ್ತಿ. ಕಾಗದದ ಮೇಲೆ ಗೀಟು ಎಳೆದರೆ ಸೊನ್ನೆಯಿಂದ ಶುರುವಾಗಿ ನೇರವಾಗಿ ಮೇಲೇರುವ ಇಳಿಜಾರು ಸಿಗುತ್ತದೆ. ಈ ಆಕಾರ ನೋಡಿಯೇ ಇದಕ್ಕೆ ತ್ರಿಕೋನ ಗದ್ದಲ ಅಂತ ಹೆಸರು ಬಂದಿದೆ.

ಹಾಗಿದ್ರೆ ರೇಡಿಯೊದಲ್ಲಿ ಟ್ರೆಬಲ್ ಇಳಿಸಿದ್ರೆ ಆಯ್ತಲ್ಲ?

ಸದ್ದು ಇಳಿಯುತ್ತದೆ, ನಿಜ. ಜೊತೆಗೆ ತಾಳದ ಟಿಂಗ್, ಗೆಜ್ಜೆಯ ಝಲ್, ಮಾತಿನ "ಸ" "ಶ" ಎಲ್ಲವೂ ಇಳಿಯುತ್ತವೆ. ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳಿಸುತ್ತದೆ.

ಅದಕ್ಕೆ ಎರಡೂ ತುದಿಯಲ್ಲಿ ಕೆಲಸ ಮಾಡುತ್ತಾರೆ. ಕೇಂದ್ರದಲ್ಲಿ, ಪ್ರಸಾರಕ್ಕೆ ಮೊದಲೇ, ಮೇಲಿನ ಸ್ವರಗಳನ್ನು ಲೆಕ್ಕ ಹಾಕಿ ಏರಿಸುತ್ತಾರೆ. ಅದು ಪ್ರಿ-ಎಂಫಸಿಸ್. ರೇಡಿಯೊದಲ್ಲಿ, ಡಿಟೆಕ್ಟರ್ ಆದ ಮೇಲೆ, ಅಷ್ಟನ್ನೇ ಇಳಿಸುತ್ತಾರೆ. ಅದು ಡಿ-ಎಂಫಸಿಸ್. ಹಾಡು ಮೊದಲಿದ್ದ ಹಾಗೇ ಆಗುತ್ತದೆ. ಗದ್ದಲ ಮಾತ್ರ ದಾರಿಯ ಮಧ್ಯೆ ಸೇರಿಕೊಂಡಿದ್ದು, ಅದಕ್ಕೆ ಏರಿಕೆ ಸಿಕ್ಕಿರಲೇ ಇಲ್ಲ. ಅದಕ್ಕೆ ಸಿಗುವುದು ಇಳಿತ ಒಂದೇ.

"50 ಮೈಕ್ರೋಸೆಕೆಂಡ್" ಅಂತ ಬರೀತಾರಲ್ಲ, ಅದೇನು?

ಏರಿಕೆ ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ಹೇಳುವ ರೀತಿ ಅದು. ಡಿ-ಎಂಫಸಿಸ್ ಅಂದರೆ ಮೂಲದಲ್ಲಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಎರಡನ್ನೂ ಗುಣಿಸಿದರೆ ಸಮಯ ಬರುತ್ತದೆ. 15 ಕಿಲೋಓಮ್ ಮತ್ತು 3.3 ನ್ಯಾನೋಫ್ಯಾರಡ್ ಗುಣಿಸಿ ನೋಡಿ, 49.5 ಮೈಕ್ರೋಸೆಕೆಂಡ್. ಬೆಂಗಳೂರಿನ ಎಸ್‌ಪಿ ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಈ ಜೋಡಿ ಸಿಗುತ್ತದೆ.

ಆ ಸಮಯ τ ಗೊತ್ತಾದರೆ, ಏರಿಕೆ ಶುರುವಾಗುವ ತಿರುವಿನ ಫ್ರೀಕ್ವೆನ್ಸಿ f ಹೀಗೆ:

```
f = 1 / (2πτ)
τ = 50 µs  →  f ≈ 3183 Hz
τ = 75 µs  →  f ≈ 2122 Hz
```

ಭಾರತದಲ್ಲಿ 50. ಯುರೋಪ್, ಆಸ್ಟ್ರೇಲಿಯಾದಲ್ಲೂ ಅಷ್ಟೇ. ಅಮೆರಿಕ, ಕೆನಡಾ, ದಕ್ಷಿಣ ಕೊರಿಯಾದಲ್ಲಿ 75. ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ಎಫ್‌ಎಂ ಕೇಂದ್ರದ ಗರಿಷ್ಠ ಡೀವಿಯೇಷನ್ 75 ಕಿಲೋಹರ್ಟ್ಸ್, ಅಂದರೆ ಧ್ವನಿಯನ್ನು ಹೊರುವ ಕ್ಯಾರಿಯರ್ ಅಲೆ ತನ್ನ ಜಾಗದಿಂದ ಆಚೀಚೆ ಸರಿಯಬಹುದಾದ ದೂರ. ಆ 75ಕ್ಕೂ ಈ 75 ಮೈಕ್ರೋಸೆಕೆಂಡ್‌ಗೂ ಯಾವ ಸಂಬಂಧವೂ ಇಲ್ಲ, ಅಂಕಿ ಒಂದೇ ಆಗಿದೆ ಅಷ್ಟೇ. ಇದರಿಂದ ಎಡವಿದವರನ್ನು ನೋಡಿದ್ದೇನೆ.

50 ಮೈಕ್ರೋಸೆಕೆಂಡ್ ಲೆಕ್ಕದಲ್ಲಿ 1 ಕಿಲೋಹರ್ಟ್ಸ್‌ಗೆ ಸಿಗುವ ಏರಿಕೆ ಅರ್ಧ ಡೆಸಿಬೆಲ್ಲೂ ಇಲ್ಲ. 5ಕ್ಕೆ ಸುಮಾರು 5.4, 10ಕ್ಕೆ 10.4, 15 ಕಿಲೋಹರ್ಟ್ಸ್‌ಗೆ 13.7 ಡೆಸಿಬೆಲ್. ಎಫ್‌ಎಂ ಧ್ವನಿ 15ಕ್ಕೆ ಮುಗಿಯುತ್ತದೆ. 19 ಕಿಲೋಹರ್ಟ್ಸ್‌ನಲ್ಲಿ, ಇದು ಸ್ಟೀರಿಯೊ ಪ್ರಸಾರ ಅಂತ ರೇಡಿಯೊಗೆ ತಿಳಿಸುವ ಪೈಲಟ್ ಟೋನ್ ಕೂತಿರುತ್ತದೆ, ಅದಕ್ಕೆ ಜಾಗ ಬಿಡಬೇಕು.

ಕೊನೆಗೆ ಸುಯ್ ಸದ್ದು ಎಷ್ಟು ಕಮ್ಮಿ ಆಗುತ್ತೆ?

ಮೋನೊದಲ್ಲಿ 15 ಕಿಲೋಹರ್ಟ್ಸ್‌ವರೆಗಿನ ಎಲ್ಲ ಗದ್ದಲವನ್ನೂ ಕೂಡಿಸಿ ಲೆಕ್ಕ ಹಾಕಿದರೆ 50 ಮೈಕ್ರೋಸೆಕೆಂಡ್‌ಗೆ ಸುಮಾರು 10 ಡೆಸಿಬೆಲ್, 75ಕ್ಕೆ ಸುಮಾರು 13 ಡೆಸಿಬೆಲ್ ಲಾಭ. 10 ಡೆಸಿಬೆಲ್ ಅಂದರೆ ಕೇಂದ್ರದ ಟ್ರಾನ್ಸ್‌ಮಿಟರ್ ಶಕ್ತಿಯನ್ನು ಹತ್ತು ಪಟ್ಟು ಮಾಡಿದಷ್ಟು. ಎರಡು ರೂಪಾಯಿಯ ಕೆಪಾಸಿಟರ್‌ಗೆ ಇದೇನು ಕಮ್ಮಿಯೇ?

ಇಳಿಜಾರಿನ ಚಿತ್ರಕ್ಕೆ ವಾಪಸ್ ಬಂದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಗದ್ದಲ ಫ್ರೀಕ್ವೆನ್ಸಿಗೆ ತಕ್ಕಂತೆ ಏರುತ್ತದೆ. ತಿರುವು ದಾಟಿದ ಮೇಲೆ ಡಿ-ಎಂಫಸಿಸ್ ಅದೇ ದರದಲ್ಲಿ ಇಳಿಸುತ್ತದೆ. ಹಾಗಾಗಿ ಮೇಲಕ್ಕೆ ಹೋಗುತ್ತಿದ್ದ ಇಳಿಜಾರು ಬಗ್ಗಿ ತಾರಸಿಯ ಹಾಗೆ ಮಟ್ಟಸವಾಗುತ್ತದೆ. 10ಕ್ಕೂ 15ಕ್ಕೂ ನಡುವೆ ಮೊದಲು 3.5 ಡೆಸಿಬೆಲ್ ವ್ಯತ್ಯಾಸ ಇತ್ತು, ಈಗ ಅದು ಇಲ್ಲವೆನ್ನುವಷ್ಟು ಕಮ್ಮಿ.

ಸ್ಟೀರಿಯೊಗೆ ಹಾಕಿದ ತಕ್ಷಣ ಸದ್ದು ಜಾಸ್ತಿ ಆಗುತ್ತಲ್ಲ, ಡಿ-ಎಂಫಸಿಸ್ ಕೆಲಸ ಮಾಡ್ತಿಲ್ವಾ?

ಮಾಡುತ್ತಿದೆ, ಆದರೆ ಅದರ ಕೈಲಿ ಆಗುವುದು ಅಷ್ಟೇ. ಸ್ಟೀರಿಯೊದಲ್ಲಿ ಎಡ-ಬಲ ಧ್ವನಿಗಳ ವ್ಯತ್ಯಾಸವನ್ನು 38 ಕಿಲೋಹರ್ಟ್ಸ್ ಸುತ್ತ, 23ರಿಂದ 53ರವರೆಗೆ ಕೂರಿಸಿ ಕಳಿಸುತ್ತಾರೆ. ಇಳಿಜಾರು ಅಲ್ಲಿ ಎಷ್ಟು ಎತ್ತರ ಇರುತ್ತದೆ ನೋಡಿ! ಆ ಎತ್ತರದ ಗದ್ದಲವನ್ನೂ ಡಿಕೋಡರ್ ಧ್ವನಿಯ ಜೊತೆಗೇ ಕೆಳಗೆ ತರುತ್ತದೆ. ಕೆಳಗೆ ಬಂದ ಗದ್ದಲ ತ್ರಿಕೋನವಾಗಿರುವುದಿಲ್ಲ, ಹೆಚ್ಚುಕಮ್ಮಿ ಮಟ್ಟಸವಾಗಿರುತ್ತದೆ. ಮಟ್ಟಸ ಗದ್ದಲದ ಮೇಲೆ ಡಿ-ಎಂಫಸಿಸ್‌ನ ಲಾಭ 10 ಅಲ್ಲ, 5 ಡೆಸಿಬೆಲ್ ಚಿಲ್ಲರೆ. ಸಿಗ್ನಲ್ ಕುಗ್ಗಿದಾಗ ಕಾರ್ ರೇಡಿಯೊಗಳು ಸದ್ದಿಲ್ಲದೆ ಮೋನೊ ಕಡೆಗೆ ಜಾರುವುದು ಇದಕ್ಕೇ.

ಕಟ್ಟುವವರಿಗೆ ಒಂದು ಮಾತು. ಸ್ಟೀರಿಯೊ ರೇಡಿಯೊದಲ್ಲಿ ಡಿ-ಎಂಫಸಿಸ್ ಡಿಕೋಡರ್ ಆದ ಮೇಲೆ, ಎಡಕ್ಕೊಂದು ಬಲಕ್ಕೊಂದು ಬರಬೇಕು. ಡಿಕೋಡರ್‌ಗೆ ಮುಂಚೆ ಹಾಕಿದರೆ ಆ ಕೆಪಾಸಿಟರ್ 38 ಕಿಲೋಹರ್ಟ್ಸ್ ಭಾಗವನ್ನೇ ನುಂಗಿಬಿಡುತ್ತದೆ, ಪೈಲಟ್ ಕೂಡ ಸೊರಗುತ್ತದೆ. ಸ್ಟೀರಿಯೊ ದೀಪ ಹತ್ತದಿದ್ದರೆ ಅಥವಾ ಹತ್ತಿಯೂ ಎಡ-ಬಲ ಬೇರೆ ಕೇಳಿಸದಿದ್ದರೆ ಮೊದಲು ಇದನ್ನು ನೋಡಿ.

ಇಷ್ಟು ಲಾಭ ಇದ್ರೆ ಇನ್ನೂ ಜಾಸ್ತಿ ಏರಿಸಬಹುದಲ್ವಾ?

ಏರಿಸಿದ್ದಕ್ಕೆ ಜಾಗ ಬೇಕಲ್ಲ. ಡೀವಿಯೇಷನ್‌ಗೆ 75 ಕಿಲೋಹರ್ಟ್ಸ್ ಅನ್ನುವ ಸೂರು ಇದೆ. ಮೇಲಿನ ಸ್ವರಗಳನ್ನು ಏರಿಸಿದಷ್ಟೂ ಅವು ಸೂರಿಗೆ ಬಡಿಯುತ್ತವೆ.

ಈ ಪದ್ಧತಿ ರೂಪುಗೊಂಡ ಕಾಲಕ್ಕೆ ಸಂಗೀತದಲ್ಲಿ ಮೇಲಿನ ಸ್ವರಗಳ ಶಕ್ತಿ ಕಮ್ಮಿ ಇರುತ್ತದೆ, ಏರಿಸಿದರೂ ಸೂರು ಮುಟ್ಟುವುದಿಲ್ಲ ಅಂತ ಲೆಕ್ಕ ಇತ್ತು. ಈಗಿನ ಸಿನಿಮಾ ಹಾಡುಗಳಿಗೆ ಆ ಲೆಕ್ಕ ಕೂರುವುದಿಲ್ಲ. ಹೈ-ಹ್ಯಾಟ್, ಸಿಂಥ್, ಗಾಯಕಿಯ "ಸ್ಸ್" ಎಲ್ಲವನ್ನೂ ಮಿಕ್ಸಿಂಗ್‌ನಲ್ಲೇ ಏರಿಸಿರುತ್ತಾರೆ. ಅದಕ್ಕೆ ಪ್ರತಿ ಕೇಂದ್ರದ ಆಡಿಯೊ ಪ್ರೊಸೆಸರ್‌ನಲ್ಲೂ ಪ್ರಿ-ಎಂಫಸಿಸ್ ಆದ ಮೇಲೆ ಒಂದು ಲಿಮಿಟರ್ ಇರುತ್ತದೆ, ಸೂರಿಗೆ ಬಡಿಯುವ ಮೊದಲೇ ಹಿಡಿದು ತಗ್ಗಿಸಲು. ಎಫ್‌ಎಂನಲ್ಲಿ ಹಾಡು ಸಿಡಿಗಿಂತ ಸ್ವಲ್ಪ ಮಂಕಾಗಿ ಕೇಳಿಸಿದರೆ ಬಹಳ ಸಲ ಅಪರಾಧಿ ಈ ಲಿಮಿಟರ್, ನಿಮ್ಮ ರೇಡಿಯೊ ಅಲ್ಲ. ನನ್ನ ಪ್ರಕಾರ 50 ಮೈಕ್ರೋಸೆಕೆಂಡ್ ಆರಿಸಿಕೊಂಡವರು ಜಾಣರು. 3 ಡೆಸಿಬೆಲ್ ಲಾಭ ಬಿಟ್ಟುಕೊಟ್ಟರು, ಆದರೆ 15 ಕಿಲೋಹರ್ಟ್ಸ್‌ನಲ್ಲಿ 3.4 ಡೆಸಿಬೆಲ್ ಜಾಗ ಉಳಿಸಿಕೊಂಡರು.

ಅಮೆರಿಕದಿಂದ ತಂದ ರೇಡಿಯೊ ಇಲ್ಲಿ ಹಾಕಿದ್ರೆ ಏನಾಗುತ್ತೆ?

ಕೇಂದ್ರ 50ರ ಲೆಕ್ಕದಲ್ಲಿ ಏರಿಸುತ್ತದೆ, ರೇಡಿಯೊ 75ರ ಲೆಕ್ಕದಲ್ಲಿ ಇಳಿಸುತ್ತದೆ. 10 ಕಿಲೋಹರ್ಟ್ಸ್‌ನಲ್ಲಿ ಸುಮಾರು 3.3 ಡೆಸಿಬೆಲ್ ಕಮ್ಮಿ ಬೀಳುತ್ತದೆ. ಎಷ್ಟು ಮೇಲೆ ಹೋದರೂ ಈ ಕೊರತೆ 3.5 ದಾಟುವುದಿಲ್ಲ. ಧ್ವನಿ ಸ್ವಲ್ಪ ಮಂಕು, ಕೇಳಲು ತೊಂದರೆ ಇಲ್ಲ. ಇಲ್ಲಿಯ ರೇಡಿಯೊವನ್ನು ಅಲ್ಲಿಗೆ ಒಯ್ದವರಿಗೆ ಉಲ್ಟಾ, ಅಷ್ಟೇ ಪ್ರಮಾಣದಲ್ಲಿ ಚುರುಕು ಜಾಸ್ತಿ.

ಈ ತಪ್ಪಿಗೆ ರೇಡಿಯೊ ವಿಮಾನದಲ್ಲಿ ಬರಬೇಕು ಅಂತಿಲ್ಲ. ಹವ್ಯಾಸಿಗಳು ಕೊಳ್ಳುವ `RDA5807M` ಮಾಡ್ಯೂಲ್ ಆನ್ ಆಗುವುದೇ 75ರಲ್ಲಿ. `04H` ರಿಜಿಸ್ಟರ್‌ನ 11ನೇ ಬಿಟ್ಟನ್ನು 1 ಮಾಡಬೇಕು:

```c
reg04 |= (1 << 11);   /* DE = 1 : 50 µs */
```

`TEA5767` ಚಿಪ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ `DTC` ಬಿಟ್ 1 ಆದರೆ 75, 0 ಆದರೆ 50. ಒಂದರ ಕೋಡ್ ನೋಡಿಕೊಂಡು ಇನ್ನೊಂದಕ್ಕೆ ಬರೆದರೆ ಖಂಡಿತ ತಪ್ಪುತ್ತೀರಿ. ಕಂಪ್ಯೂಟರ್‌ಗೆ ಡಾಂಗಲ್ ಚುಚ್ಚಿ `rtl_fm -M wbfm` ಬಳಸುವವರೂ ಗಮನಿಸಿ. ಅದರ ಮೂಲ ಕೋಡ್‌ನಲ್ಲಿ `75e-6` ಅಂತ ಬರೆದೇ ಇಟ್ಟಿದ್ದಾರೆ. ಇಲ್ಲಿಯ ಕೇಂದ್ರಗಳಿಗೆ ಅದನ್ನು `50e-6` ಮಾಡಿ ಮತ್ತೆ ಕಂಪೈಲ್ ಮಾಡಬೇಕು.

ನಿಮ್ಮ ಕೇಂದ್ರದಲ್ಲಿ ಯಾವತ್ತಾದ್ರೂ ಇದು ಕೈಕೊಟ್ಟಿದ್ಯಾ?

ಕೊಟ್ಟಿದೆ, ಚೆನ್ನಾಗೇ ಕೊಟ್ಟಿದೆ.

ಧ್ವನಿಯನ್ನು ಎಫ್‌ಎಂ ಅಲೆಯಾಗಿಸುವ ಹೊಸ ಎಕ್ಸೈಟರ್ ಕೂರಿಸಿದ ವಾರ. ಬೆಳಗಿನ ಕಾರ್ಯಕ್ರಮದ ನಿರೂಪಕಿ "ಶುಭೋದಯ" ಅಂದರೆ ಸಾಕು, ಆ "ಶು" ಕಿವಿಗೆ ಸೂಜಿ ಚುಚ್ಚಿದ ಹಾಗೆ. ಅಡಿಕೆ ತೋಟದವರೊಬ್ಬರು ಫೋನ್ ಮಾಡಿ, "ಏನ್ ಮೇಡಂ, ನಿಮ್ಮ ಮೈಕಿಗೆ ಶೀತ ಆಗಿದೆಯಾ?" ಅಂದರಂತೆ. ಸ್ಟುಡಿಯೊದ ಹುಡುಗರು ಮೊದಲು ಮೈಕ್ ಬದಲಿಸಿದರು. ಆಮೇಲೆ ಮಿಕ್ಸರ್‌ನಲ್ಲಿ ಟ್ರೆಬಲ್ ಇಳಿಸಿದರು. ಸ್ವಲ್ಪ ವಾಸಿ ಅನ್ನಿಸಿತು. ಆದರೆ ಹಾಡು ಬಂದಾಗ ಒಂದು ವಿಚಿತ್ರ. ತಾಳ ಬಡಿದಾಗಲೆಲ್ಲ ಇಡೀ ಹಾಡು ಒಂದು ಕ್ಷಣ ಕುಗ್ಗಿ ಮತ್ತೆ ಏಳುತ್ತಿತ್ತು.

ನನಗೆ ಅನುಮಾನ ಬಂದಿದ್ದು ಆ ಕುಗ್ಗುವಿಕೆಯಿಂದ. ಮೈಕ್ ಕೆಟ್ಟಿದ್ದರೆ ಹಾಡು ಯಾಕೆ ಕುಗ್ಗಬೇಕು? ಯಾವುದೋ ಲಿಮಿಟರ್ ಮೇಲಿನ ಸ್ವರಕ್ಕೆ ಹೆದರಿ ಎಲ್ಲವನ್ನೂ ಒತ್ತುತ್ತಿದೆ ಅಂತಾಯಿತು.

ರಾತ್ರಿ ಪ್ರಸಾರ ಮುಗಿದ ಮೇಲೆ ಟ್ರಾನ್ಸ್‌ಮಿಟರನ್ನು ಆಂಟೆನಾ ಬದಲು ಡಮ್ಮಿ ಲೋಡ್‌ಗೆ ಹಾಕಿ ಅಳೆಯಲು ಕೂತೆವು. ಲ್ಯಾಪ್‌ಟಾಪ್‌ನಿಂದ 1 ಕಿಲೋಹರ್ಟ್ಸ್ ಟೋನ್, ಆಮೇಲೆ ಅದೇ ಮಟ್ಟದಲ್ಲಿ 10 ಕಿಲೋಹರ್ಟ್ಸ್ ಟೋನ್. ಸರಿಯಾಗಿ 50ಕ್ಕೆ ಹೊಂದಿಸಿದ ಒಂದು ರೇಡಿಯೊದ ಹೊರಹರಿವಿಗೆ ಮೀಟರ್. ಎಲ್ಲ ಸರಿ ಇದ್ದರೆ ಎರಡೂ ಟೋನ್ ಒಂದೇ ಮಟ್ಟದಲ್ಲಿ ಬರಬೇಕು.

ಮೊದಲ ಸಲ ಅಳೆದಾಗ ಸಿಕ್ಕಿದ ಅಂಕಿಗೆ ಅರ್ಥವೇ ಇರಲಿಲ್ಲ. 10 ಕಿಲೋಹರ್ಟ್ಸ್ ಟೋನ್ ಕಮ್ಮಿಯೇ ಬರುತ್ತಿತ್ತು! ತಪ್ಪು ನನ್ನದೇ. ಟೋನನ್ನು ಪೂರ್ತಿ ಮಟ್ಟದಲ್ಲಿ ಕೊಟ್ಟಿದ್ದೆ. 1 ಕಿಲೋಹರ್ಟ್ಸ್‌ನಲ್ಲಿ 75 ಕಿಲೋಹರ್ಟ್ಸ್ ಡೀವಿಯೇಷನ್ ಕೊಡುವ ಮಟ್ಟವನ್ನೇ 10ರಲ್ಲಿ ಕೊಟ್ಟರೆ, ಒಂದೇ ಪ್ರಿ-ಎಂಫಸಿಸ್ ಇದ್ದರೂ ಅದು 236 ಕಿಲೋಹರ್ಟ್ಸ್ ಕೇಳುತ್ತದೆ. ಲಿಮಿಟರ್ ಬಿಡುತ್ತದೆಯೇ? ಗಂಟಲು ಹಿಡಿಯುತ್ತದೆ. ಈ ಅಳತೆಯನ್ನು ಯಾವಾಗಲೂ 20 ಡೆಸಿಬೆಲ್ ಕೆಳಗೆ ಮಾಡಬೇಕು.

ಕೆಳಗಿಳಿಸಿ ಅಳೆದೆವು. 10 ಕಿಲೋಹರ್ಟ್ಸ್ ಟೋನ್ 1ಕ್ಕಿಂತ ಹತ್ತಿರ ಹತ್ತಿರ 10 ಡೆಸಿಬೆಲ್ ಜಾಸ್ತಿ. ಮಾತಾಡುವ ಅಂಕಿ ಇದು. 3 ಬಂದಿದ್ದರೆ ಎಲ್ಲೋ 50-75 ಅದಲುಬದಲು ಅನ್ನಬಹುದಿತ್ತು. 10 ಬಂತು ಅಂದರೆ ಒಂದು ಪೂರ್ತಿ ಪ್ರಿ-ಎಂಫಸಿಸ್ ಹೆಚ್ಚುವರಿಯಾಗಿ ಕೂತಿದೆ, ಇಲ್ಲವೇ ರೇಡಿಯೊದಲ್ಲಿ ಡಿ-ಎಂಫಸಿಸ್ಸೇ ಇಲ್ಲ. ರೇಡಿಯೊ ಬೇರೆ ಕೇಂದ್ರಗಳಿಗೆ ಸರಿಯಾಗಿತ್ತು. ಪ್ರೊಸೆಸರ್ ಮೆನು ನೋಡಿದರೆ `50 µs`. ಎಕ್ಸೈಟರ್ ಮೆನು ನೋಡಿದರೆ ಅಲ್ಲೂ `50 µs`. ಹಳೆಯ ಎಕ್ಸೈಟರ್‌ನಲ್ಲಿ ಅದು ಆಫ್ ಆಗಿತ್ತು, ಹೊಸದು ಪೆಟ್ಟಿಗೆಯಿಂದ ಬರುವಾಗಲೇ ಆನ್. ಯಾರೂ ನೋಡಿರಲಿಲ್ಲ. ನಾನೂ ಸೇರಿ.

ಎರಡರಲ್ಲಿ ಯಾವುದನ್ನ ಆಫ್ ಮಾಡಿದ್ರಿ? ಯಾವುದಾದ್ರೂ ಆಗುತ್ತಾ?

ಎಕ್ಸೈಟರ್‌ನದು. ಯಾವುದಾದರೂ ಆಗುವುದಿಲ್ಲ. ಪ್ರೊಸೆಸರ್ ಒಳಗೆ ಮೊದಲು ಪ್ರಿ-ಎಂಫಸಿಸ್, ಆಮೇಲೆ ಲಿಮಿಟರ್. ಅಂದರೆ ಏರಿದ ಮೇಲಿನ ಎತ್ತರವನ್ನು ನೋಡಿ ಲಿಮಿಟರ್ ಹಿಡಿಯುತ್ತದೆ. ಪ್ರೊಸೆಸರ್‌ನದನ್ನು ಆಫ್ ಮಾಡಿ ಎಕ್ಸೈಟರ್‌ಗೆ ಬಿಟ್ಟರೆ ಲಿಮಿಟರ್ ಏರದ ಧ್ವನಿಯನ್ನು ನೋಡಿ "ಎಲ್ಲ ಸರಿ ಇದೆ" ಅಂತ ಬಿಡುತ್ತದೆ. ಅದು ಆಮೇಲೆ ಏರಿ ಸೂರು ಒಡೆಯುತ್ತದೆ, ಇಲ್ಲವೇ ಎಕ್ಸೈಟರ್‌ನ ಒರಟು ಲಿಮಿಟರ್‌ಗೆ ಬಡಿಯುತ್ತದೆ. ನಮ್ಮಲ್ಲಿ ತಾಳಕ್ಕೆ ಹಾಡು ಕುಗ್ಗುತ್ತಿದ್ದದ್ದು ಈ ಒರಟು ಲಿಮಿಟರ್‌ನಿಂದಲೇ.

ಎಕ್ಸೈಟರ್ ಮೆನುವಿನಲ್ಲಿ `FLAT` ಆರಿಸಿದೆವು. ಮತ್ತೆ ಅಳೆದರೆ ಎರಡೂ ಟೋನ್ ಅರ್ಧ ಡೆಸಿಬೆಲ್ ಅಂತರದಲ್ಲಿ. ಮಿಕ್ಸರ್‌ನಲ್ಲಿ ಇಳಿಸಿದ್ದ ಟ್ರೆಬಲ್ ವಾಪಸ್ ನಡುವಿಗೆ ತರುವುದನ್ನು ಮಾತ್ರ ಮರೆತಿದ್ದೆವು. ಮಾರನೇ ದಿನವೆಲ್ಲ ಪ್ರಸಾರ ಮಂಕಾಗಿತ್ತು, ತೋಟದವರು ಆಗ ಫೋನ್ ಮಾಡಲಿಲ್ಲ.

ನಾನೇ ಕಂಪ್ಯೂಟರ್‌ನಲ್ಲಿ ಡಿ-ಎಂಫಸಿಸ್ ಬರೀಬಹುದಾ?

ನಾಲ್ಕೈದು ಸಾಲು ಅಷ್ಟೇ:

```python
import math

def deemph(x, fs, tau=50e-6):
    a = 1 - math.exp(-1 / (fs * tau))
    y, out = 0.0, []
    for s in x:
        y += a * (s - y)
        out.append(y)
    return out
```

ಒಂದು ಬಲೆ ಇದೆ. `fs` 48000 ಇಟ್ಟರೆ ಈ ಫಿಲ್ಟರ್ 15 ಕಿಲೋಹರ್ಟ್ಸ್‌ನಲ್ಲಿ 13.7 ಇಳಿಸುವ ಬದಲು ಸುಮಾರು 12.2 ಡೆಸಿಬೆಲ್ ಮಾತ್ರ ಇಳಿಸುತ್ತದೆ. ಸ್ಯಾಂಪಲ್‌ಗಳು ವಿರಳವಾದಾಗ ಇಂಥ ಸರಳ ಫಿಲ್ಟರ್ ಅಂಚಿನಲ್ಲಿ ನಿಜವಾದ ರೆಸಿಸ್ಟರ್-ಕೆಪಾಸಿಟರ್ ಹಾಗೆ ನಡೆದುಕೊಳ್ಳುವುದಿಲ್ಲ. ಧ್ವನಿ ಇನ್ನೂ 192000 ದರದಲ್ಲಿ ಇರುವಾಗಲೇ ಇದನ್ನು ಮಾಡಿ, ಆಮೇಲೆ 48000ಕ್ಕೆ ಇಳಿಸಿ. ವ್ಯತ್ಯಾಸ ನಗಣ್ಯವಾಗುತ್ತದೆ.

ನಮ್ಮೂರಲ್ಲಿ ಸಿಗ್ನಲ್ಲೇ ಸರಿ ಇಲ್ಲ, ಪಟಪಟ ಅನ್ನುತ್ತೆ. ಕೆಪಾಸಿಟರ್ ದೊಡ್ಡದು ಹಾಕಿದ್ರೆ ಹೋಗುತ್ತಾ?

ಇಲ್ಲ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸಿಗ್ನಲ್ ಗದ್ದಲಕ್ಕಿಂತ ಚೆನ್ನಾಗಿ ಮೇಲಿದ್ದಾಗ ಮಾತ್ರ ನಿಜ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗೆ ಬಿದ್ದರೆ ಗದ್ದಲ ಫೇಸನ್ನು ಬರೀ ತಳ್ಳುವುದಿಲ್ಲ, ಒಂದು ಪೂರ್ತಿ ಸುತ್ತು ತಿರುಗಿಸಿಬಿಡುತ್ತದೆ. ಒಂದೊಂದು ಸುತ್ತಿಗೂ ಒಂದು "ಟಪ್". ಆ ಟಪ್‌ನ ಶಕ್ತಿ ಕೆಳಗಿನ ಸ್ವರಗಳಲ್ಲೂ ಹರಡಿರುತ್ತದೆ, ಡಿ-ಎಂಫಸಿಸ್ ಅಲ್ಲಿ ಮುಟ್ಟುವುದೇ ಇಲ್ಲ. ದೊಡ್ಡ ಕೆಪಾಸಿಟರ್ ಹಾಕಿದರೆ ಟಪ್ ಉಳಿಯುತ್ತದೆ, "ಸ" "ಶ" ಹೋಗುತ್ತವೆ. ಆ ದುಡ್ಡಿಗೆ ಒಂದು ಡೈಪೋಲ್ ಆಂಟೆನಾ ಮಾಡಿ. 75 ಸೆಂಟಿಮೀಟರ್‌ನ ಎರಡು ತಂತಿ ಎದುರುಬದುರಾಗಿ, ಮಾಡಿನ ಮೇಲೆ, ಕೇಂದ್ರದ ದಿಕ್ಕಿಗೆ ಅಡ್ಡಲಾಗಿ. ಹಾ, ಈ 75 ಮೂರನೆಯದು, ಮೊದಲಿನ ಎರಡಕ್ಕೂ ಇದಕ್ಕೂ ಸಂಬಂಧ ಇಲ್ಲ.